ಬಿಲ್ಲಿನೊಳಗೇ ಇರುವ ತೆರಿಗೆ

ವಿದೇಶಿ ಕಂಪನಿಗಳಿಗೆ ಮನೆಯಿಂದಲೇ ವೆಬ್ ವಿನ್ಯಾಸ ಮಾಡಿಕೊಡುವವರ ಬಿಲ್ಲಿನಲ್ಲಿ ಸಾಮಾನ್ಯವಾಗಿ ಟಿಡಿಎಸ್ ಕಡಿತವಾಗುವುದಿಲ್ಲ. ಕೈಗೆ ಬಂದ ಹಣದಲ್ಲೇ ಸರ್ಕಾರದ ಪಾಲೂ ಇರುತ್ತದೆ.

ಕಳೆದ ವರ್ಷದ ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿ, ಈ ವರ್ಷದ ಒಟ್ಟು ಮೊತ್ತ ಅಂದಾಜಿಸಿ. ಅದು 18 ಲಕ್ಷ, ಖರ್ಚು 3 ಲಕ್ಷ ಎನ್ನೋಣ. ಉಳಿದ 15 ಲಕ್ಷಕ್ಕೆ 2025-26ರ ಹೊಸ ಪದ್ಧತಿಯಲ್ಲಿ ತೆರಿಗೆ, ಸೆಸ್ ಸೇರಿ 1,09,200 ರೂಪಾಯಿ.

ಇದರಲ್ಲಿ ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. ಕಡಿಮೆ ಬಿದ್ದರೆ ಬಡ್ಡಿ ತೆರಬೇಕು.

ತೆರಿಗೆ ಬಿಲ್ ಮೊತ್ತದ ಸುಮಾರು ಶೇ 6. ಆದ್ದರಿಂದ ಪ್ರತಿ ಪಾವತಿಯಲ್ಲೂ ಶೇ 7ನ್ನು ಬೇರೆ ಖಾತೆಗೆ ಹಾಕಿ. ಸೆಪ್ಟೆಂಬರ್ ವೇಳೆಗೆ 7.5 ಲಕ್ಷ ಬಂದಿದ್ದರೆ ಅಲ್ಲಿ 52,500 ಇರುತ್ತದೆ, ಬೇಕಿರುವುದು 49,140. ದೊಡ್ಡ ಬಿಲ್ ಬಂದಾಗಲೆಲ್ಲ ಅಂದಾಜನ್ನು ತಿದ್ದಿ. ಮನೆಖರ್ಚನ್ನು ಮಾತ್ರ ಅತಿ ಕಡಿಮೆ ಗಳಿಸಿದ ತಿಂಗಳಿಗೆ ಹೊಂದಿಸಿಕೊಳ್ಳಿ.