ಲೀಟರ್ ಮೊಸರಿಗೆ ಎಷ್ಟು ಚಕ್ಕಾ, ಎಷ್ಟು ನೀರು?

ಕೆನೆಭರಿತ ಹಾಲಿನ ಒಂದು ಲೀಟರ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಶ್ರೀಖಂಡಕ್ಕೆ ಒದಗುವ ಗಟ್ಟಿ ಚಕ್ಕಾ 400 ಗ್ರಾಂ ಆಸುಪಾಸು ಸಿಗುತ್ತದೆ. 600 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ತಿಳಿನೀರು ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಬೆಳಗಾವಿ, ಧಾರವಾಡದ ಕಡೆ ಮನೆಯಲ್ಲೇ ಶ್ರೀಖಂಡ ಮಾಡುವವರಿಗೆ ಈ ಪ್ರಮಾಣ ಕಣ್ಣಂದಾಜಿನಲ್ಲೇ ಗೊತ್ತು. ಅದೇ ಅಳತೆಯ ಟೋನ್ಡ್ ಹಾಲಿನ ಮೊಸರು ಕಟ್ಟಿದವರಿಗೆ ಮಾತ್ರ ಚಕ್ಕಾ ಎಲ್ಲಿ ಹೋಯಿತು ಎನಿಸುತ್ತದೆ. ಈ ವ್ಯತ್ಯಾಸ ಶುರುವಾಗುವುದು ಹಾಲಿನಲ್ಲಿ, ಬಟ್ಟೆಯಲ್ಲಲ್ಲ.

ಕೆನೆಭರಿತ ಹಾಲಿನಲ್ಲಿ ನೂರಕ್ಕೆ 6 ಪಾಲು ಜಿಡ್ಡು, 9 ಪಾಲು ಜಿಡ್ಡೇತರ ಘನಾಂಶ ಇರುತ್ತದೆ. ಟೋನ್ಡ್ ಹಾಲಿನಲ್ಲಿ ಇವು 3 ಮತ್ತು 8.5. ಒಂದು ಲೀಟರ್ ಮೊಸರು ತೂಗುವುದು ಸುಮಾರು 1030 ಗ್ರಾಂ. ಆದ್ದರಿಂದ ಕೆನೆಭರಿತ ಮೊಸರಿನಲ್ಲಿ ಸುಮಾರು 155 ಗ್ರಾಂ ಘನಾಂಶವಿದ್ದರೆ ಟೋನ್ಡ್ ಮೊಸರಿನಲ್ಲಿ ಇರುವುದು 118 ಗ್ರಾಂ ಮಾತ್ರ. ಇದೆಲ್ಲವೂ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಜಿಡ್ಡು ಮತ್ತು ಕೇಸಿನ್ ಎಂಬ ಪ್ರೋಟೀನ್ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿಯುತ್ತವೆ. ಹಾಲಿನ ಸಕ್ಕರೆ, ಹುಳಿ ಮತ್ತು ಖನಿಜಗಳು ನೀರಿನಲ್ಲಿ ಕರಗಿರುವುದರಿಂದ ನೀರಿನ ಜೊತೆಗೇ ಸೋರುತ್ತವೆ. ಸೋರಿದ ನೀರಿನ ತೂಕದಲ್ಲಿ ಸುಮಾರು ನೂರಕ್ಕೆ 6 ಪಾಲು ಇಂಥ ಕರಗಿದ ವಸ್ತುವೇ.

ಇನ್ನು ಲೆಕ್ಕ ಸುಲಭ. ಮಾರುಕಟ್ಟೆಯ ಚಕ್ಕಾದಲ್ಲಿ ಕನಿಷ್ಠ ನೂರಕ್ಕೆ 30 ಪಾಲು ಘನಾಂಶ ಇರಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಕೆನೆಭರಿತ ಮೊಸರನ್ನು ಆ ಹದಕ್ಕೆ ಇಳಿಸಿದರೆ ಸುಮಾರು 385 ಗ್ರಾಂ ಚಕ್ಕಾ ಉಳಿದು, 645 ಗ್ರಾಂ ನೀರು ಹೋಗುತ್ತದೆ. ಸ್ವಲ್ಪ ಮೆತ್ತಗಿರಲಿ ಎಂದು 24 ಪಾಲಿಗೇ ಇಳಿಸಿದರೆ ಅದೇ ಮೊಸರು 500 ಗ್ರಾಂ ದಾಟುತ್ತದೆ. ಟೋನ್ಡ್ ಮೊಸರು ಈ ಮೆತ್ತಗಿನ ಹದದಲ್ಲೂ ಕೊಡುವುದು 315 ಗ್ರಾಂ ಮಾತ್ರ. ಉಳಿದ 700 ಮಿಲಿಲೀಟರ್ ನೀರೇ. ಹಾಗಾಗಿ ಹದ ಹೇಳದೆ ‘ಲೀಟರಿಗೆ ಇಷ್ಟು’ ಎನ್ನುವ ಅಡುಗೆ ಪುಸ್ತಕದ ಮಾತನ್ನು ನಂಬುವಂತಿಲ್ಲ.

ಹೆಪ್ಪು ಹಾಕುವ ಮುನ್ನ ಹಾಲು ಹೇಗೆ ಕಾದಿತ್ತು ಎಂಬುದೂ ಇಲ್ಲಿ ಮುಖ್ಯ. ಹಾಲನ್ನು ಉಕ್ಕು ಬಂದ ಮೇಲೂ ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿದರೆ, ಬೇರೆ ಹೊತ್ತಿನಲ್ಲಿ ನೀರಿನ ಪಾಲಾಗುವ ಪ್ರೋಟೀನ್‌ಗಳು ಕೇಸಿನ್‌ಗೆ ಅಂಟಿಕೊಳ್ಳುತ್ತವೆ. ಆಗ ಮೊಸರಿನ ಬಲೆ ಬಿಗಿಯಾಗಿ, ಪ್ರೋಟೀನ್ ಬಟ್ಟೆಯಲ್ಲೇ ಉಳಿಯುತ್ತದೆ, ನೀರು ನಿಧಾನವಾಗಿ ಬಿಡುತ್ತದೆ. ಬರೀ ಬೆಚ್ಚಗೆ ಮಾಡಿ ಹೆಪ್ಪು ಹಾಕಿದ ಹಾಲಿನ ಮೊಸರು ಬೇಗ ನೀರೊಡೆಯುತ್ತದೆ, ಚಕ್ಕಾ ಕಡಿಮೆ.

ಕಟ್ಟುವ ಮುನ್ನ ಮೊಸರನ್ನು ಕಡೆಯಬಾರದು; ಸೌಟಿನಿಂದ ಗಡ್ಡೆ ಗಡ್ಡೆಯಾಗಿಯೇ ಬಟ್ಟೆಗೆ ಹಾಕಬೇಕು. ಒದ್ದೆ ಮಾಡಿ ಹಿಂಡಿದ ಮಲ್‌ಮಲ್ ಬಟ್ಟೆಯನ್ನು ಎರಡು ಪದರ ಮಾಡಿದರೆ ಸಾಕು. ಮೊದಲ ಒಂದೆರಡು ಗಂಟೆ ನೀರು ಧಾರೆಯಾಗಿ ಇಳಿದು, ಆಮೇಲೆ ಹನಿಯಾಗುತ್ತದೆ. ಇಳಿಯುವ ನೀರು ತೆಳು ಹಸಿರು ಹಳದಿಯಾಗಿ ತಿಳಿಯಾಗಿರಬೇಕು. ಆ ಬಣ್ಣ ರೈಬೋಫ್ಲೇವಿನ್ ಎಂಬ ಜೀವಸತ್ವದ್ದು. ನೀರು ಹಾಲಿನಂತೆ ಬೆಳ್ಳಗೆ ಬರುತ್ತಿದ್ದರೆ ಬಟ್ಟೆಯ ನೇಯ್ಗೆ ಸಡಿಲ, ಇಲ್ಲವೇ ಗಂಟನ್ನು ಕೈಯಿಂದ ಹಿಂಡಲಾಗಿದೆ. ಆ ಬಿಳುಪು ಎಂದರೆ ಕೈತಪ್ಪಿ ಹೋಗುತ್ತಿರುವ ಚಕ್ಕಾ. ಹಿಂಡುವ ಬದಲು ಹಗುರ ಭಾರ ಇಟ್ಟು ಕಾಯುವುದು ಲೇಸು.

ಹದ ತಿಳಿಯಲು ಗಂಟು ಬಿಚ್ಚಬೇಕಿಲ್ಲ, ಕೆಳಗಿನ ನೀರನ್ನು ಅಳೆದರಾಯಿತು. ಕೆನೆಭರಿತ ಲೀಟರಿನಿಂದ 500 ಮಿಲಿಲೀಟರ್ ಇಳಿದಿದ್ದರೆ ಇನ್ನೂ ಮೆತ್ತಗಿದೆ. 600 ದಾಟಿದರೆ ಶ್ರೀಖಂಡಕ್ಕೆ ಸಿದ್ಧ. ಬಟ್ಟೆ ಹೀರಿಕೊಂಡ ಒಂದಿಷ್ಟು ನೀರು ಈ ಅಳತೆಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಹೊರಗೆ ತೂಗುಹಾಕಿದ ಮೊಸರು ಬೇಗ ಸೋರಿದರೂ ಜೊತೆಗೇ ಹುಳಿಯೇರುತ್ತದೆ. ಆ ಹುಳಿಯನ್ನು ಸಕ್ಕರೆಯೂ ಮುಚ್ಚಲಾರದು. ಫ್ರಿಜ್‌ನಲ್ಲಿ ಜಾಲರಿಯ ಮೇಲಿಟ್ಟು ರಾತ್ರಿಯಿಡೀ ಬಿಟ್ಟರೆ ಹೊತ್ತು ಹೆಚ್ಚಾದರೂ ಸಿಹಿ ಉಳಿಯುತ್ತದೆ.

ಉಳಿದ ನೀರನ್ನು ಬಚ್ಚಲಿಗೆ ಸುರಿಯುವವರು ಒಂದು ವಿಷಯ ಗಮನಿಸಬೇಕು. ಹಾಲು ಹುಳಿಯಾದಾಗ ಕೇಸಿನ್ ಹಿಡಿದಿಟ್ಟುಕೊಂಡಿದ್ದ ಕ್ಯಾಲ್ಸಿಯಂ ಕರಗಿ ನೀರು ಸೇರುತ್ತದೆ. ಹೀಗಾಗಿ ಮೊಸರಿನ ಕ್ಯಾಲ್ಸಿಯಂನ ದೊಡ್ಡ ಪಾಲು ಇರುವುದು ಚಕ್ಕಾದಲ್ಲಲ್ಲ, ಆ 600 ಮಿಲಿಲೀಟರ್ ನೀರಿನಲ್ಲಿ. ಪ್ರೋಟೀನ್ ಮಾತ್ರ ಅದರಲ್ಲಿ ಅಲ್ಪ. ಚಪಾತಿ ಹಿಟ್ಟು ಕಲಸಲು, ತಿಳಿಸಾರಿನ ಹುಳಿಗೆ, ಉಪ್ಪು ಜೀರಿಗೆ ಹಾಕಿ ಕುಡಿಯಲು ಅದು ಚೆನ್ನಾಗಿ ಒದಗುತ್ತದೆ. ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿ ಮುಗಿಸಬೇಕು.