ಬರುವ ತಿಂಗಳಿಗೆ ಎಷ್ಟು ಬೆಲ್ಲ?

ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಉಪ್ಪಿನ ಅಂದಾಜು ಅಷ್ಟು ಕಷ್ಟವಲ್ಲ. ಕಾಡುವುದು ಬೆಲ್ಲ. ಮಳೆಗಾಲದಲ್ಲಿ ಹೆಚ್ಚು ತರಿಸಿದರೆ ಜಿಗುಟಾಗಿ ನೀರೊಡೆಯುತ್ತದೆ. ಹಬ್ಬದ ಮುಂಚೆ ಕಡಿಮೆ ತರಿಸಿದರೆ ಗಿರಾಕಿ ಬರೀ ಬೆಲ್ಲಕ್ಕಾಗಿ ಪಕ್ಕದ ಅಂಗಡಿಗೆ ಹೋಗುವುದಿಲ್ಲ, ಸಾಮಾನಿನ ಚೀಟಿ ಸಮೇತ ಹೋಗುತ್ತಾನೆ. ತಾಲ್ಲೂಕು ಕೇಂದ್ರದ ಒಂದು ಅಂಗಡಿಯ ಲೆಕ್ಕವೆಂದುಕೊಂಡು ಇದನ್ನು ನೋಡೋಣ. ಓದಲು ಸುಲಭವಾಗಲೆಂದು ಅಂಕಿಗಳನ್ನು ನಾನೇ ದುಂಡಗೆ ಜೋಡಿಸಿಕೊಂಡಿದ್ದೇನೆ.

ಮೊದಲು ಪುಸ್ತಕ. ತಿಂಗಳಿಗೆ ಎಷ್ಟು ಕಿಲೋ ಹೋಯಿತು ಎಂಬುದನ್ನು ಬರೆಯಬೇಕು, ಎಷ್ಟು ದುಡ್ಡು ಬಂತು ಎಂಬುದನ್ನಲ್ಲ. ಬೆಲೆ ಏರಿದಾಗ ದುಡ್ಡಿನ ಲೆಕ್ಕ ವ್ಯಾಪಾರ ಬೆಳೆದಂತೆ ತೋರಿಸಿಬಿಡುತ್ತದೆ. ಉದ್ರಿ ಕೊಟ್ಟ ಮಾಲನ್ನು ಕೊಟ್ಟ ದಿನವೇ ಬರೆಯಬೇಕು, ಬಾಕಿ ತೀರಿಸಿದ ದಿನವಲ್ಲ. ಸಂಬಳವಾದ ಮೇಲೆ ತೀರಿಸುವ ಮನೆಗಳು ಹೆಚ್ಚಿರುವ ಬೀದಿಯಲ್ಲಿ ಇದೊಂದರಿಂದಲೇ ಒಂದು ತಿಂಗಳ ಬೇಡಿಕೆ ಇನ್ನೊಂದು ತಿಂಗಳಿಗೆ ಜಾರುತ್ತದೆ.

ನಮ್ಮ ಅಂಗಡಿಯಲ್ಲಿ 2025ರ ಏಪ್ರಿಲ್‌ನಲ್ಲಿ 125 ಕಿಲೋ, ಮೇನಲ್ಲಿ 115, ಜೂನ್‌ನಲ್ಲಿ 120 ಕಿಲೋ ಬೆಲ್ಲ ಹೋಗಿದೆ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 120. ಜುಲೈಗೆ ಇದೇ ಅಂದಾಜು. ಜುಲೈ ಮುಗಿದ ಮೇಲೆ ಏಪ್ರಿಲ್ ಬಿಟ್ಟು, ಜುಲೈ ಸೇರಿಸಿಕೊಂಡು ಮತ್ತೆ ಸರಾಸರಿ ತೆಗೆಯುವುದು. ಹೀಗೆ ತಿಂಗಳು ತಿಂಗಳೂ ಮುಂದೆ ಸರಿಯುವುದರಿಂದ ಇದಕ್ಕೆ ಚಲಿಸುವ ಸರಾಸರಿ, ಅಂದರೆ ಮೂವಿಂಗ್ ಆವರೇಜ್ ಎನ್ನುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ತಿಂಗಳ ಏರುಪೇರಿಗೆ ಗಾಬರಿಯಾಗದೆ ಈಚಿನ ತಿಂಗಳುಗಳ ಜಾಡು ಹಿಡಿಯುತ್ತದೆ, ಅಷ್ಟೇ.

ಜುಲೈನಲ್ಲಿ ಹೋದದ್ದು 125. ಐದು ಕಿಲೋ ತಪ್ಪು, ಪರವಾಗಿಲ್ಲ. ಆಗಸ್ಟ್‌ಗೂ ಅಂದಾಜು 120 ಬಂತು, ಆದರೆ ಹೋದದ್ದು 205! ಸೆಪ್ಟೆಂಬರ್‌ಗೆ 150 ಎಂದರೆ 120 ಮಾತ್ರ ಹೋಯಿತು. ಅಕ್ಟೋಬರ್‌ಗೆ 150 ಎಂದರೆ 185. ನವೆಂಬರ್‌ಗೆ 170 ಎಂದರೆ ಮತ್ತೆ 120.

ಇಲ್ಲಿಗೆ ಯಜಮಾನರ ತಾಳ್ಮೆ ಮುಗಿದಿರುತ್ತದೆ. “ಏನ್ ಸಾರ್ ನಿಮ್ಮ ಲೆಕ್ಕ, ಬೇಕಾದಾಗ ಕಮ್ಮಿ ಹೇಳುತ್ತೆ, ಬೇಡದಾಗ ಜಾಸ್ತಿ ಹೇಳುತ್ತೆ” ಎನ್ನುತ್ತಾರೆ. ಅವರು ಹೇಳುವುದು ನಿಜ. ಆದರೆ ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಎಂಬುದನ್ನು ಬೇರೆ ಬೇರೆ ಮಾಡಿ ತೋರಿಸಿದರೆ ಬೈಗುಳದಿಂದಲೇ ದಾರಿ ಸಿಗುತ್ತದೆ.

ಮಾರಾಟದಿಂದ ಅಂದಾಜನ್ನು ಕಳೆದರೆ ಐದು ತಿಂಗಳ ತಪ್ಪುಗಳು ಕ್ರಮವಾಗಿ +5, +85, −30, +35, −50. ಚಿಹ್ನೆಯೊಂದಿಗೇ ಕೂಡಿದರೆ 45, ಸರಾಸರಿ 9 ಕಿಲೋ. ಇದನ್ನೇ ತೋರಿಸಿ “ಒಂಬತ್ತೇ ಕಿಲೋ ವ್ಯತ್ಯಾಸ” ಎಂದರೆ ಮೋಸವಾಗುತ್ತದೆ, ಏಕೆಂದರೆ ಆಗಸ್ಟ್‌ನಲ್ಲಿ ಸಿಗದ ಬೆಲ್ಲಕ್ಕೂ ನವೆಂಬರ್‌ನಲ್ಲಿ ಉಳಿದ ಬೆಲ್ಲಕ್ಕೂ ವಜಾ ಹಾಕಿದಂತಾಯಿತು. ಗಿರಾಕಿ ಹಾಗೆ ವಜಾ ಹಾಕಿಕೊಳ್ಳುವುದಿಲ್ಲ. ಚಿಹ್ನೆ ಬಿಟ್ಟು ಕೂಡಿದರೆ 205, ಸರಾಸರಿ 41. ಕಿಲೋಗೆ 60 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 2,460 ರೂಪಾಯಿಯ ಮಾಲು ಅತ್ತಲೋ ಇತ್ತಲೋ ತಪ್ಪುತ್ತಿದೆ. ಶೇಕಡಾ ಲೆಕ್ಕಕ್ಕಿಂತ ಈ ಮಾತು ಯಜಮಾನರಿಗೆ ಬೇಗ ಅರ್ಥವಾಗುತ್ತದೆ.

ಹಾಗಾದರೆ 9 ಎಂಬ ಅಂಕಿ ನಿರುಪಯುಕ್ತವೇ? ಅಲ್ಲ. ಅದು ಅಂದಾಜು ಒಂದೇ ಕಡೆಗೆ ವಾಲುತ್ತಿದೆಯೇ ಎಂದು ಹೇಳುತ್ತದೆ. ಊರಾಚೆ ಹೊಸ ಬಡಾವಣೆ ಎದ್ದು ಮಾರಾಟ ತಿಂಗಳಿಗೆ ಹತ್ತು ಕಿಲೋ ಏರುತ್ತಿದ್ದರೆ ಮೂರು ತಿಂಗಳ ಸರಾಸರಿ ಸದಾ ಇಪ್ಪತ್ತು ಕಿಲೋ ಹಿಂದೆಯೇ ಇರುತ್ತದೆ, ಏಕೆಂದರೆ ಅದು ಹೇಳುವುದು ಎರಡು ತಿಂಗಳ ಹಿಂದಿನ ಕಥೆ. ಆಗ ತಪ್ಪುಗಳೆಲ್ಲ ಪ್ಲಸ್ ಆಗಿ, ಎರಡು ಸರಾಸರಿಗಳೂ ಒಂದೇ ಆಗುತ್ತವೆ. ನಮ್ಮ ಅಂಗಡಿಯಲ್ಲಿ ಹಾಗಾಗಿಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ವ್ಯಾಪಾರ ಬೆಳೆದದ್ದಲ್ಲ, ಹಬ್ಬ ಬಂದುಹೋದದ್ದು.

ಸರಾಸರಿಗೆ ಹಬ್ಬ ಗೊತ್ತಿಲ್ಲ. ಬರುವ ಮುಂಚೆ ಸುಳಿವು ಕೊಡುವುದಿಲ್ಲ, ಹೋದ ಮೇಲೆ ಮೂರು ತಿಂಗಳು ಮರೆಯುವುದಿಲ್ಲ. ಆಗಸ್ಟ್‌ನ 205 ಕಿಲೋ ನವೆಂಬರ್‌ವರೆಗೂ ಅಂದಾಜನ್ನು ಉಬ್ಬಿಸಿತು. ಆರು ತಿಂಗಳ ಸರಾಸರಿ ತೆಗೆದರೆ ಉಬ್ಬು ತಗ್ಗುತ್ತದೆ, ಆದರೆ ಇನ್ನೂ ಹೆಚ್ಚು ದಿನ ಉಳಿಯುತ್ತದೆ.

ಹೋದ ವರ್ಷದ ಅದೇ ತಿಂಗಳು ನೋಡಿದರಾಯಿತು ಎಂಬುದು ಅಂಗಡಿಯವರ ಸಾಮಾನ್ಯ ಉತ್ತರ. ಸಂಕ್ರಾಂತಿಗೆ ಅದು ಸರಿ, ಜನವರಿ ಬಿಟ್ಟು ಕದಲುವುದಿಲ್ಲ. ಗಣೇಶ ಹಾಗಲ್ಲ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂದರೆ 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ವರಮಹಾಲಕ್ಷ್ಮಿ ಎರಡೂ ವರ್ಷ ಆಗಸ್ಟ್‌ನಲ್ಲೇ ಇತ್ತು. ಹಾಗಾಗಿ ಹಬ್ಬದ ಮಾಲನ್ನು ತಿಂಗಳಿಗಲ್ಲ, ಹಬ್ಬದ ಹೆಸರಿಗೇ ಬರೆದಿಡಬೇಕು. ಹಬ್ಬಕ್ಕೆ ಮುಂಚಿನ ಎರಡು ವಾರದ ಮಾರಾಟದಿಂದ ಸಾಧಾರಣ ಎರಡು ವಾರದ ಮಾರಾಟ ಕಳೆದರೆ ಆ ಹಬ್ಬದ ಹೆಚ್ಚುವರಿ ಸಿಗುತ್ತದೆ. ಹೋದ ವರ್ಷದ ಪುಸ್ತಕದ ಪ್ರಕಾರ ವರಮಹಾಲಕ್ಷ್ಮಿಗೆ 30, ಗಣೇಶನಿಗೆ 45, ದೀಪಾವಳಿಗೆ 55 ಕಿಲೋ ಎಂದುಕೊಳ್ಳಿ.

ಈಗ ಆಗಸ್ಟ್‌ನ ಅಂದಾಜು ಸರಾಸರಿ 120, ಜೊತೆಗೆ ಎರಡು ಹಬ್ಬದ 75. ಒಟ್ಟು 195. ಹೋದದ್ದು 205. ತಿಂಗಳು ಮುಗಿದ ಮೇಲೆ 75 ಕಳೆದು ಉಳಿದ 130ನ್ನು ಮಾತ್ರ ಮುಂದಿನ ಸರಾಸರಿಗೆ ಸೇರಿಸುವುದು. ಆಗ ಸೆಪ್ಟೆಂಬರ್‌ಗೆ 125, ದೀಪಾವಳಿ ಸೇರಿ ಅಕ್ಟೋಬರ್‌ಗೆ 180, ನವೆಂಬರ್‌ಗೆ 127 ಬರುತ್ತದೆ. ಚಿಹ್ನೆ ಬಿಟ್ಟ ಸರಾಸರಿ ತಪ್ಪು 41ರಿಂದ ಆರೂವರೆ ಕಿಲೋ ಆಸುಪಾಸಿಗೆ ಇಳಿಯಿತು. ನಿಜವಾದ ಅಂಗಡಿಯಲ್ಲಿ ಇಷ್ಟು ಚೊಕ್ಕವಾಗಿ ಇಳಿಯದು. ಒಂದೇ ವರ್ಷದ ಹಬ್ಬ ನೋಡಿ ಕಟ್ಟಿದ ಲೆಕ್ಕ ಅಷ್ಟು ಗಟ್ಟಿಯಲ್ಲ.

ಉಳಿದ ಆರೂವರೆ ಕಿಲೋ ತಪ್ಪನ್ನು ಯಜಮಾನರಿಗೆ ಕೆಲಸಕ್ಕೆ ಬರುವಂತೆ ಹೇಳಬೇಕು. ತಪ್ಪುಗಳು ಎರಡೂ ಕಡೆ ಸಮನಾಗಿ ಹರಡಿದ್ದರೆ, ಅಂದಾಜಿನ ಮೇಲೆ ಸರಾಸರಿ ತಪ್ಪಿನ ಎರಡರಷ್ಟು, ಅಂದರೆ 13 ಕಿಲೋ ಹೆಚ್ಚಿಗೆ ಇಟ್ಟುಕೊಂಡಾಗ ಇಪ್ಪತ್ತು ತಿಂಗಳಲ್ಲಿ ಹೆಚ್ಚುಕಡಿಮೆ ಹತ್ತೊಂಬತ್ತು ತಿಂಗಳು ಮಾಲು ಸಾಲುತ್ತದೆ. ಲೆಕ್ಕ ಹಳೆಯದೇ ಆಗಿದ್ದರೆ 82 ಕಿಲೋ ಇಡಬೇಕಿತ್ತು. ಮಳೆಗಾಲದಲ್ಲಿ ಅಷ್ಟು ಬೆಲ್ಲ ಇಡಲು ಯಾರೂ ಒಪ್ಪುವುದಿಲ್ಲ. ಸಾಧಾರಣ ತಿಂಗಳಲ್ಲಿ ಬೇಕಾದರೆ ಈ 13ನ್ನೂ ಇಳಿಸಬಹುದು, ಹಬ್ಬದ ತಿಂಗಳಲ್ಲಿ ಇಳಿಸಬಾರದು.

ಒಂದು ಅಪಾಯ ಮಾತ್ರ ಈ ಅಂಕಿಗಳಲ್ಲಿ ಕಾಣುವುದೇ ಇಲ್ಲ. ತಿಂಗಳ ಕೊನೆಗೆ ನಾಲ್ಕು ದಿನ ಬೆಲ್ಲ ಖಾಲಿಯಾಗಿದ್ದರೆ ಪುಸ್ತಕ ಮಾರಿದ್ದನ್ನು ತೋರಿಸುತ್ತದೆ, ಕೇಳಿ ವಾಪಸ್ ಹೋದದ್ದನ್ನು ತೋರಿಸುವುದಿಲ್ಲ. ಅಂದಾಜು 120 ಎಂದು ಅಷ್ಟೇ ತರಿಸಿದರೆ ಅಷ್ಟೇ ಮಾರಾಟವಾಗಿ ತಪ್ಪು ಸೊನ್ನೆ ಎಂದು ಬರುತ್ತದೆ, ಯಜಮಾನರು ಖುಷಿಪಡುತ್ತಾರೆ. ಸೊನ್ನೆ ಪದೇ ಪದೇ ಬಂದರೆ ಅನುಮಾನಿಸಬೇಕು. ಖಾಲಿಯಾದ ದಿನಗಳಿಗೆ ಪುಸ್ತಕದಲ್ಲಿ ಗುರುತು ಹಾಕಿ, ಮಾಲಿದ್ದ ದಿನಗಳ ಸರಾಸರಿ ಹಿಡಿದು ಆ ತಿಂಗಳ ಬೇಡಿಕೆಯನ್ನು ತಿದ್ದಿಕೊಳ್ಳಬೇಕು.

2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹಬ್ಬಗಳು ಮತ್ತೆ ಹಿಂದೆ ಸರಿಯುತ್ತವೆ. ಗಣೇಶ ಚೌತಿ ಸೆಪ್ಟೆಂಬರ್ 14ಕ್ಕೆ, ದೀಪಾವಳಿ ನವೆಂಬರ್ ಎರಡನೇ ವಾರಕ್ಕೆ. ಆಗಸ್ಟ್ ಅಂದಾಜಿನಿಂದ ಗಣೇಶನ 45 ಕಿಲೋ ತೆಗೆದು ಸೆಪ್ಟೆಂಬರ್‌ಗೆ ಹಾಕಬೇಕು. ದೀಪಾವಳಿಯ 55ರಲ್ಲಿ ಒಂದಿಷ್ಟು ಅಕ್ಟೋಬರ್ ಕೊನೆಯ ವಾರದಲ್ಲೇ ಹೋಗುವುದರಿಂದ ಮಾಲು ಮಾತ್ರ ಆ ಹೊತ್ತಿಗೆ ಅಂಗಡಿಗೆ ಬಂದಿರಬೇಕು.