ವೀಣೆಯ ಒಂದು ವರ್ಷಕ್ಕೆ ಬರೆಯಬೇಕಾದ ಸಾಲು

ನಲವತ್ತು ದಾಟಿದ ಮೇಲೆ ವೀಣೆ ಹಿಡಿದವರು ತಮ್ಮ ಅಭ್ಯಾಸವನ್ನು ಈಗ ಫೋನಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳುತ್ತಾರೆ. ವಿಜಯದಶಮಿಯಂದು ಪಾಠ ಶುರು ಮಾಡಿ, ಮುಂದಿನ ವಿಜಯದಶಮಿಗೆ ಮೊದಲ ದಿನದ್ದನ್ನೂ ಇವತ್ತಿನದ್ದನ್ನೂ ಅಕ್ಕಪಕ್ಕ ಜೋಡಿಸಿ ನೆಂಟರಿಷ್ಟರಿಗೆ ಕಳಿಸುತ್ತಾರೆ. ಕೆಳಗೆ ‘ಒಂದು ವರ್ಷದ ಸಾಧನೆ’ ಎಂದು ಬರೆದಿರುತ್ತದೆ. ಆ ಜಾಗದಲ್ಲಿ ರಾಗ, ವರಸೆ, ಕಾಲ ಮೂರನ್ನೂ ಬರೆಯಬೇಕು ಎನ್ನುತ್ತೇನೆ ನಾನು. ವರ್ಷವಿಡೀ ಕೈ ಕಲಿತದ್ದು ಏನೆಂದು ತಿಳಿಯುವುದು ಅಲ್ಲೇ.

ರಾಗ ಮಾಯಾಮಾಳವಗೌಳ. ಪುರಂದರದಾಸರು ಹಾಕಿಕೊಟ್ಟ ಕ್ರಮವೆಂದು ಸಂಪ್ರದಾಯ ಹೇಳುವ ಈ ಪಾಠದ ಜಾಣ್ಮೆ ವೀಣೆಯ ಮೇಲೆ ಕಣ್ಣಿಗೇ ಕಾಣುತ್ತದೆ. ವೀಣೆಗೆ 24 ಮೆಟ್ಟುಗಳು. ಮೊದಲ ತಂತಿಯನ್ನು ಒತ್ತದೆ ಮೀಟಿದರೆ ಷಡ್ಜ, ಒಂದನೇ ಮೆಟ್ಟಿನಲ್ಲಿ ರಿಷಭ. ಅಲ್ಲಿಂದ ಹಾರಿ ನಾಲ್ಕರಲ್ಲಿ ಗಾಂಧಾರ, ಅದಕ್ಕೆ ಅಂಟಿಕೊಂಡೇ ಐದರಲ್ಲಿ ಮಧ್ಯಮ. ಏಳರಲ್ಲಿ ಪಂಚಮ, ಎಂಟರಲ್ಲಿ ಧೈವತ. ಮತ್ತೆ ಹಾರಿ ಹನ್ನೊಂದರಲ್ಲಿ ನಿಷಾದ, ಹನ್ನೆರಡರಲ್ಲಿ ಮೇಲಿನ ಷಡ್ಜ. ಸ್ವರಗಳು ಎರಡೆರಡಾಗಿ ಮಗ್ಗುಲಲ್ಲೇ ಕೂತಿವೆ, ಜೋಡಿ ಜೋಡಿಯ ನಡುವೆ ಅಂತರವಿದೆ. ಎಡಗೈಯ ತೋರುಬೆರಳು, ಮಧ್ಯದ ಬೆರಳು ಜೋಡಿಯನ್ನು ಹಂಚಿಕೊಂಡು ಮುಂದಿನ ಜೋಡಿಗೆ ಒಟ್ಟಿಗೆ ಸರಿಯಬೇಕು. ಬೆರಳು ಮೆಟ್ಟಿನ ಒತ್ತಿಗೇ ಬೀಳದೆ ಹಿಂದೆ ಉಳಿದರೆ ತಂತಿ ಝರ್ ಎನ್ನುತ್ತದೆ. ಮೊದಲ ತಿಂಗಳುಗಳ ಕೆಲಸವೆಲ್ಲ ಇಷ್ಟೇ. ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿ, ನೋವು ಕಳೆದು, ಚರ್ಮ ಗಟ್ಟಿಯಾಗುತ್ತದೆ.

ವರಸೆ ಮೊದಲು ಸರಳೆ, ಆಮೇಲೆ ಜಂಟಿ. ಜಂಟಿಯಲ್ಲಿ ‘ಸಸ ರಿರಿ ಗಗ’ ಎಂದು ಒಂದೇ ಸ್ವರ ಎರಡು ಬಾರಿ ಬರುತ್ತದೆ, ಎರಡನೆಯದಕ್ಕೆ ಒತ್ತು ಬೀಳಬೇಕು. ಬಲಗೈಯ ಎರಡು ಬೆರಳುಗಳಲ್ಲಿ ಬಲವಿಲ್ಲದ್ದು ಯಾವುದೆಂದು ಇಲ್ಲಿ ಗೊತ್ತಾಗುತ್ತದೆ.

ವಯಸ್ಕರು ಎಡವುವುದು ಕಾಲದಲ್ಲಿ. ಒಂದು ಅಕ್ಷರಕ್ಕೆ ಒಂದು ಸ್ವರವಾದರೆ ಒಂದನೇ ಕಾಲ, ಎರಡು ಸ್ವರವಾದರೆ ಎರಡನೇ ಕಾಲ, ನಾಲ್ಕಾದರೆ ಮೂರನೇ ಕಾಲ. ನಿಮಿಷಕ್ಕೆ 60 ಅಕ್ಷರದ ನಡೆ ಇಟ್ಟುಕೊಂಡರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. ದೊಡ್ಡವರಿಗೆ ಸ್ವರಲಿಪಿ ಬೇಗ ಅರ್ಥವಾಗುತ್ತದೆ. ಎಷ್ಟೋ ವರ್ಷ ಕಛೇರಿ ಕೇಳಿದ ಕಿವಿ ಮುಂದೋಡುತ್ತದೆ, ಕೈ ಹಿಂದೆ ಉಳಿಯುತ್ತದೆ. ಆಗ ಎಡಗೈ ಮೆಟ್ಟನ್ನು ಒತ್ತುವ ಕ್ಷಣಕ್ಕೂ ಬಲಗೈ ಮೀಟುವ ಕ್ಷಣಕ್ಕೂ ಹೊಂದಿಕೆ ತಪ್ಪಿ, ನಾದ ಹುಟ್ಟಬೇಕಾದಲ್ಲಿ ‘ಟಕ್’ ಎಂಬ ಸತ್ತ ಸದ್ದು ಬರುತ್ತದೆ. ನುಡಿಸುವಾಗ ಇದು ಕೇಳಿಸದು, ಮನಸ್ಸು ಅದನ್ನು ತುಂಬಿಕೊಂಡುಬಿಡುತ್ತದೆ. ಧ್ವನಿಮುದ್ರಣದಲ್ಲಿ ನಿಚ್ಚಳವಾಗಿ ಕೇಳುತ್ತದೆ. ಫೋನಿನ ನಿಜವಾದ ಉಪಯೋಗ ಇಲ್ಲಿದೆ. ಗಾಂಧಾರ–ಮಧ್ಯಮ ಚೆನ್ನಾಗಿ ಬಂದು, ಧೈವತದಿಂದ ನಿಷಾದಕ್ಕೆ ಹೋಗುವಾಗ ಸದ್ದು ಸತ್ತಿತೆಂದರೆ, ಆ ಎಂಟು–ಹನ್ನೊಂದರ ಹಾರಿಕೆಯನ್ನು ಮಾತ್ರ ಎರಡನೇ ಕಾಲಕ್ಕೆ ಇಳಿಸಿ ನುಡಿಸಬೇಕು. ಇಡೀ ವರಸೆಯನ್ನು ಮೂರನೇ ಕಾಲದಲ್ಲೇ ಮತ್ತೆ ಮತ್ತೆ ಬಾರಿಸಿದರೆ ಗಟ್ಟಿಯಾಗುವುದು ತಪ್ಪೇ. ಮಣಿಕಟ್ಟು ಬಿಗಿದು ನೋಯತೊಡಗಿದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಬೇಕು.

ವರ್ಷದ ನಡುವೆ ಬೇಸಿಗೆ ಬರುತ್ತದೆ. ಮೆಟ್ಟುಗಳು ಕೂತಿರುವುದು ಮೇಣದ ಮೇಲೆ. ಬಿಸಿಲು ಬೀಳುವ ಕಿಟಕಿಯ ಬಳಿ ವೀಣೆ ಇಟ್ಟರೆ ಮೇಣ ಮೆತ್ತಗಾಗಿ ಮೆಟ್ಟು ಜರುಗುತ್ತದೆ. ಬೆರಳು ಸರಿಯಾದ ಜಾಗದಲ್ಲೇ ಬಿದ್ದರೂ ಸ್ವರ ಅಪಶ್ರುತಿ. ಕಲಿಯುವವರು ತಮ್ಮನ್ನೇ ದೂರಿಕೊಂಡು ಕೊರಗುತ್ತಾರೆ. ಪರೀಕ್ಷೆ ಸುಲಭ: ಶ್ರುತಿ ಸರಿಮಾಡಿ, ತಂತಿಯನ್ನು ಖಾಲಿ ಮೀಟಿ, ಹನ್ನೆರಡನೇ ಮೆಟ್ಟಿನಲ್ಲಿ ಅಡ್ಡಕ್ಕೆ ಎಳೆಯದೆ ಒತ್ತಿ ಮೀಟಬೇಕು. ಎರಡು ಷಡ್ಜಗಳೂ ಒಂದರಲ್ಲೊಂದು ಕರಗದಿದ್ದರೆ ದೋಷ ಮೆಟ್ಟಿನದೋ ಹಳೆಯ ತಂತಿಯದೋ ಆಗಿರುತ್ತದೆ. ತಂತಿ ಬದಲಿಸಿ ನೋಡಿ, ಆಗಲೂ ಹಾಗೇ ಇದ್ದರೆ ಮೇಳ ಕಟ್ಟುವವರಿಗೆ ತೋರಿಸಬೇಕು.

ದಿನವೂ ಕೂತವರು ವರ್ಷದ ಕೊನೆಗೆ ಮಲಹರಿಯ ಗೀತೆಗಳನ್ನು ಮುಟ್ಟಿರಬಹುದು. ಮಲಹರಿಯ ಸ್ವರಗಳೆಲ್ಲ ಮಾಯಾಮಾಳವಗೌಳದವೇ, ನಿಷಾದವೊಂದು ಇಲ್ಲ. ಹಾಗಾಗಿ ಹೊಸ ಮೆಟ್ಟು ಹುಡುಕಬೇಕಿಲ್ಲ, ಕೈ ಬಲ್ಲ ಜಾಗದಲ್ಲೇ ಸಾಹಿತ್ಯ ಬಂದು ಕೂರುತ್ತದೆ. ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತೆಗೆಯುವುದು ಕೈಗೆ ಒಗ್ಗಲು ಇನ್ನೂ ಬಹಳ ಕಾಲ ಬೇಕು. ಅಷ್ಟರಲ್ಲಿ ಕೃತಿ ನುಡಿಸಲು ಅವಸರಪಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಂಥವರೊಬ್ಬರು ಬರೆಯಬಹುದಾದ ಸಾಲು ಇದು: ‘ಮಾಯಾಮಾಳವಗೌಳ, ಜಂಟಿ ವರಸೆ. ಎರಡು ಕಾಲ ಶುದ್ಧ. ಮೂರನೆಯದರಲ್ಲಿ ನಿಷಾದ ಇನ್ನೂ ತಪ್ಪುತ್ತಿದೆ.’